ಹತ್ತುವಾಗ ಎಕ್ಸ್‌ಪ್ರೆಸ್, ಇಳಿಯುವಾಗ ಶಟಲ್

ನಾಗೇಶ ಕೀಬೋರ್ಡಿನಲ್ಲಿ ‘ಸಿ’ಯಿಂದ ಮೇಲಿನ ‘ಸಿ’ವರೆಗೆ ಬಿಳೀ ಕೀಗಳನ್ನೆಲ್ಲ ಸಾಲಾಗಿ ಒತ್ತಿ, ಅದೇ ಸಾಲಿನಲ್ಲಿ ವಾಪಸ್ ಬಂದ.

“ಇದು ಸಿ ಮೇಜರ್ ಸ್ಕೇಲು. ನಿಮ್ಮ ಬಿಲಹರಿ ರಾಗಕ್ಕೂ ಇವೇ ಏಳು ಸ್ವರವಂತೆ. ಎಲ್ಲಾ ಬಿಳೀ ಕೀ! ಮತ್ಯಾಕೆ ಬೇರೆ ಹೆಸರಿಟ್ಟು ಹೆದರಿಸ್ತೀರಿ?”

“ಏಳೂ ಸ್ವರ ಬಳಸಿ ಹತ್ತಿ, ಹಾಗೇ ಇಳಿದ್ಯಲ್ಲ, ಅದು ಶಂಕರಾಭರಣದ ದಾರಿ ಕಣೋ,” ಅಂದಳು ಪದ್ಮ. “ಬಿಲಹರಿಯ ಆರೋಹಣ ಸ ರಿ ಗ ಪ ದ ಸ. ಮ, ನಿ ಎರಡೂ ಇಲ್ಲ. ಅವರೋಹಣದಲ್ಲಿ ಮಾತ್ರ ಸ ನಿ ದ ಪ ಮ ಗ ರಿ ಸ ಅಂತ ಏಳೂ ಬರುತ್ತವೆ.”

“ಓಹೋ, ಹತ್ತುವಾಗ ಎಕ್ಸ್‌ಪ್ರೆಸ್, ಇಳಿಯುವಾಗ ಶಟಲ್!”

“ಸದ್ಯ, ಅಷ್ಟಾದ್ರೂ ತಲೆಗೆ ಹೋಯ್ತು. ಎಲ್ಲಿ, ನುಡಿಸು.”

ಸರಿಯಾಗೇ ಹತ್ತಿದ. ಇಳಿಯುತ್ತಾ ಉತ್ಸಾಹ ಹೆಚ್ಚಾಗಿ ಪ ಮ ಗ ಮ ಪ ಅಂತ ಒಂದು ಸುತ್ತು ಹಾಕಿದ.

“ಸಿಕ್ಕಿಬಿದ್ದ!” ಶಾಮಣ್ಣ ಕಾಫಿ ಲೋಟ ಕೆಳಗಿಟ್ಟರು. “ಗ ಮ ಪ ಅಂದೆಯಲ್ಲ, ಬಸ್ಸು ಶಂಕರಾಭರಣಕ್ಕೆ ಹೋಯ್ತು.”

“ಇಳೀತಾ ಇದ್ದೆನಲ್ಲ ಶಾಮಣ್ಣ!”

“ಗ ತನಕ ಇಳಿದೆ, ಅಲ್ಲಿಂದ ಮೇಲಕ್ಕೆ ತಿರುಗಿದೆ. ಕೆಳಗಿನ ಸ ಮುಟ್ಟಿ ಹೊರಟರೆ ಮಾತ್ರ ಆರೋಹಣ ಅಂದ್ಕೋಬೇಡ. ನಡುದಾರಿಯಲ್ಲಿ ಎರಡೇ ಹೆಜ್ಜೆ ಹತ್ತಿದ್ರೂ ಹತ್ತೋ ನಿಯಮವೇ. ಪ ಮ ಗ ಪ ಅನ್ನು, ಇಲ್ಲಾ ಪ ಮ ಗ ರಿ ಗ ಪ.”

“ಸ್ಕೇಲಲ್ಲಿ ಈ ಪೊಲೀಸ್ ಕಾಟ ಇಲ್ಲಪ್ಪ.”

“ಇಲ್ಲ. ಅದು ಉಗ್ರಾಣ ಇದ್ದ ಹಾಗೆ, ಯಾವ ಡಬ್ಬಕ್ಕೆ ಮೊದಲು ಕೈ ಹಾಕಿದ್ರೂ ಯಾರೂ ಕೇಳಲ್ಲ,” ಅಂದಳು ಪದ್ಮ. “ಹತ್ತೋಕೊಂದು ಇಳಿಯೋಕೊಂದು ಅವರಲ್ಲೂ ಇದೆ ಅನ್ನು. ಎ ಮೆಲೋಡಿಕ್ ಮೈನರ್‌ನಲ್ಲಿ ಹತ್ತುವಾಗ ಎಫ್, ಜಿ ಎರಡೂ ಶಾರ್ಪ್, ಇಳಿಯುವಾಗ ಮಾಮೂಲಿ. ಆದರೂ ಮೆಟ್ಟಿಲು ಏಳಕ್ಕೆ ಏಳೇ, ಒಂದನ್ನೂ ಹಾರಿಸಲ್ಲ.”

“ಸರಿ, ಇಳಿಯೋದು ಮಾತ್ರ ಕೇಳಿದ್ರೆ? ಬಿಲಹರೀನೋ ಶಂಕರಾಭರಣವೋ?”

“ಅದಕ್ಕೆ ಆರಭೀನೂ ಸೇರಿಸ್ಕೋ. ಅದು ಹತ್ತೋದು ಸ ರಿ ಮ ಪ ದ ಸ, ಇಳಿಯೋದು ಬಿಲಹರಿ ಥರಾನೇ. ಮೂರರ ಅವರೋಹಣವೂ ಕಾಗದದ ಮೇಲೆ ಒಂದೇ. ಆಗ ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ತಾರೆ ಅಂತ ನೋಡಬೇಕು. ಬಿಲಹರಿಯ ಗಾಂಧಾರದ ಮೇಲೆ ಆರಾಮಾಗಿ ಕೂರಬಹುದು. ಆರಭಿಯ ಗಾಂಧಾರ ಮಧ್ಯಮಕ್ಕೆ ಅಂಟಿಕೊಂಡು ‘ಮಗರಿ’ ಅಂತ ಚಿಟಿಕೆ ಹೊಡೆದಷ್ಟೇ ಹೊತ್ತು. ಅದನ್ನು ನೀನು ಕೀಬೋರ್ಡಲ್ಲಿ ‘ಗಾ’ ಅಂತ ಒತ್ತಿ ಹಿಡಿದರೆ ಆರಭಿ ಅಲ್ಲೇ ಸತ್ತುಹೋಗುತ್ತೆ.”

“ಹಾಗಾದ್ರೆ ಬಿಲಹರೀನೇ ಕ್ಷೇಮ. ಎಲ್ಲಾ ಬಿಳೀ ಕೀ, ನೆಮ್ಮದಿ.”

ಶಾಮಣ್ಣ ಮೆಲ್ಲಗೆ ಅಂದರು: “ಪ ದ ನಿ ಪ ಅನ್ನೋ ಥರದ ಪ್ರಯೋಗದಲ್ಲಿ ಅದಕ್ಕೆ ಕೈಶಿಕಿ ನಿಷಾದವೂ ಬರುತ್ತೆ ಕಣಪ್ಪ. ‘ಬಿ’ಯ ಎಡಕ್ಕಿದೆಯಲ್ಲ, ಆ ಕಪ್ಪು ಕೀ.”

ನಾಗೇಶ ಕೀಬೋರ್ಡಿನ ಸ್ವಿಚ್ ಆರಿಸಿದ.