ಆಕ್ಯುರೆಸಿ 99.5, ಸಿಕ್ಕ ಟಿಬಿ ರೋಗಿಗಳು ಸೊನ್ನೆ?

ತುಮಕೂರು ವಿದ್ಯಾರ್ಥಿನಿ: ಎದೆಯ ಎಕ್ಸ್‌ರೇ ನೋಡಿ ಟಿಬಿ ಶಂಕೆ ಹೇಳುವ ಮಾಡೆಲ್ ನಮ್ಮ ಪ್ರಾಜೆಕ್ಟ್. 10,000 ಎಕ್ಸ್‌ರೇಗಳಲ್ಲಿ ಟಿಬಿ ಇರೋದು 50 ಮಾತ್ರ. ಮೊದಲ ಮಾಡೆಲ್ ಆಕ್ಯುರೆಸಿ 99.5. ಎರಡನೆಯದರದ್ದು 95: ಅದು 45 ರೋಗಿಗಳನ್ನು ಹಿಡಿದಿದೆ, ಜೊತೆಗೆ 498 ಆರೋಗ್ಯವಂತರನ್ನೂ ಶಂಕಿತರು ಅಂದಿದೆ. ಗೈಡ್ ಎರಡನೆಯದೇ ಒಳ್ಳೇದು ಅಂತಾರೆ. ಹೇಗೆ?

ಬಂಗಾರಪೇಟೆ: ಮೊದಲನೆಯದು ಬಹುಶಃ ಎಲ್ಲರಿಗೂ "ಟಿಬಿ ಇಲ್ಲ" ಎಂದಿದೆ. ಹಾಗೆ ಕಣ್ಣುಮುಚ್ಚಿ ಹೇಳಿದರೂ 9,950 ಉತ್ತರ ಸರಿಯಾಗುತ್ತವೆ, ಅದೇ 99.5. ಖಚಿತಪಡಿಸಿಕೊಳ್ಳಲು ಇಷ್ಟು ಸಾಕು:

```python
from sklearn.metrics import confusion_matrix, precision_score
print(confusion_matrix(y_test, y_pred))
print(precision_score(y_test, y_pred))
```

ಬಲಗಡೆಯ ಕಾಲಂ ಪೂರ್ತಿ ಸೊನ್ನೆಯಾಗಿ `UndefinedMetricWarning` ಬಂದರೆ, ಅದು ಯಾರನ್ನೂ ಶಂಕಿಸಿಯೇ ಇಲ್ಲ ಎಂದರ್ಥ. ಎರಡನೆಯದು 50ರಲ್ಲಿ 45 ಹಿಡಿದಿದೆ, ರೀಕಾಲ್ ಶೇ 90. ಆಕ್ಯುರೆಸಿ ಇಳಿದದ್ದು ಆ 498 ಜನರಿಂದ. ಆದರೆ ಅವರಿಗೆ ಆಗುವ ನಷ್ಟ ಒಂದು ಕಫ ಪರೀಕ್ಷೆ, ಅಷ್ಟೆ.

ಶಿರಾ ಸೀಮೆ: 543 ಶಂಕಿತರಲ್ಲಿ 45 ನಿಜ ಅಂದ್ರೆ ಪ್ರಿಸಿಷನ್ ಶೇ 8! ಇದನ್ನ ಒಳ್ಳೇದು ಅನ್ನೋಕಾಗುತ್ತಾ? ಡೇಟಾ ಸಮ ಮಾಡಮ್ಮ. 50 ರೋಗಿಗಳು, 50 ಆರೋಗ್ಯವಂತರು. ಪ್ರಿಸಿಷನ್ 90 ದಾಟುತ್ತೆ.

ಬಂಗಾರಪೇಟೆ: ದಾಟುತ್ತೆ ಸರ್, ಆದರೆ ಮಾಡೆಲ್ ಒಂದಿಷ್ಟೂ ಬದಲಾಗದೆ ದಾಟುತ್ತೆ. ಆರೋಗ್ಯವಂತರಲ್ಲಿ ನೂರಕ್ಕೆ 5 ಜನರನ್ನು ಇದು ತಪ್ಪಾಗಿ ಶಂಕಿಸುತ್ತೆ. 50 ಜನರಿದ್ದರೆ ಇಬ್ಬರೋ ಮೂವರೋ, 9,950 ಜನರಿದ್ದರೆ 498. ತಪ್ಪಿನ ದರ ಅದೇ. ಕಲಿಸುವ ಡೇಟಾ ಸಮ ಮಾಡುವುದರಲ್ಲಿ ತಪ್ಪಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಪರೀಕ್ಷಿಸುವ ಡೇಟಾವನ್ನು ಮಾತ್ರ ಮುಟ್ಟಬಾರದು. ವರದಿಯಲ್ಲಿ ಶೇ 95 ಎಂದು ಬರೆದ ಪ್ರಿಸಿಷನ್ ಹಳ್ಳಿಯ ಶಿಬಿರದಲ್ಲಿ 8 ಆಗಿಬಿಡುತ್ತೆ.

ಚಿಂತಾಮಣಿ ಟೊಮೆಟೊ: ನಮ್ಮ ಮಾವನೋರಿಗೆ ಶಿಬಿರದಲ್ಲಿ ಎಕ್ಸ್‌ರೇ ತೆಗೆದು ಶಂಕೆ ಅಂದವ್ರೆ. ರೀಕಾಲ್ 90 ಅಂದ್ರೆ ಅವ್ರಿಗೆ ಟಿಬಿ ಇರೋದು ನೂರಕ್ಕೆ 90 ಖಾತ್ರಿನಾ?

ಬಂಗಾರಪೇಟೆ: ಅಲ್ಲಣ್ಣ, ಆ 90 ಈಗಾಗಲೇ ರೋಗ ಇರುವವರ ಲೆಕ್ಕ. ಶಂಕೆ ಬಂದವರಲ್ಲಿ ಎಷ್ಟು ಜನಕ್ಕೆ ರೋಗವಿದೆ ಅನ್ನೋದು ಬೇರೆ ಪ್ರಶ್ನೆ, ಈ ಡೇಟಾದಲ್ಲಿ ಅದಕ್ಕೆ ಉತ್ತರ ನೂರಕ್ಕೆ 8. ಹಾಗಂತ ಬಿಡಬೇಡಿ. ಶಂಕೆಗೆ ಮೊದಲು ಇನ್ನೂರರಲ್ಲಿ ಒಬ್ಬರಿಗಿದ್ದ ಸಾಧ್ಯತೆ ಈಗ ಹನ್ನೆರಡರಲ್ಲಿ ಒಬ್ಬರಿಗೆ ಬಂದಿದೆ. ಅವರಿಗೆ ಎರಡು ವಾರ ಮೀರಿದ ಕೆಮ್ಮಿದ್ದರೆ ಇನ್ನೂ ಹೆಚ್ಚು. ಕಫ ಪರೀಕ್ಷೆ ಮಾಡಿಸಿ.

ಗೌರಿಬಿದನೂರು ಲ್ಯಾಬ್: "ಒಂದು ಕಫ ಪರೀಕ್ಷೆ, ಅಷ್ಟೆ" ಅನ್ನೋದು ಸುಲಭ. ನಾಲ್ಕು ಕಾರ್ಟ್ರಿಡ್ಜ್ ಹಿಡಿಯುವ ಸಿಬಿನಾಟ್ ಮೆಷಿನ್‌ನಲ್ಲಿ ಒಂದು ಸರದಿಗೆ ಸುಮಾರು ಎರಡು ಗಂಟೆ. ದಿನಕ್ಕೆ ಮೂರು ಸರದಿ ಅಂದರೆ 12 ಮಾದರಿ, 543ಕ್ಕೆ 45 ದಿನ. ಡಬ್ಬಿಯಲ್ಲಿ ಕಫದ ಬದಲು ಬರೀ ಎಂಜಲು ಬಂದರೆ ಮತ್ತೆ ಕರೆಸಬೇಕು. ಶಂಕೆಯ ಮಿತಿಯನ್ನು ಸ್ವಲ್ಪ ಏರಿಸಿ.

ತುಮಕೂರು ವಿದ್ಯಾರ್ಥಿನಿ: ಸ್ಕೋರ್ ಮಿತಿ ಏರಿಸಿ ನೋಡಿದೆ ಮೇಡಂ. ಶಂಕಿತರು 135, ಅದರಲ್ಲಿ ನಿಜ 35. ಪ್ರಿಸಿಷನ್ 26, ಆಕ್ಯುರೆಸಿ 98.85.

ಗೌರಿಬಿದನೂರು ಲ್ಯಾಬ್: 12 ದಿನದ ಕೆಲಸ. ಇದನ್ನು ಮಾಡಬಹುದು.

ಬಂಗಾರಪೇಟೆ: ಎರಡೂ ಅಂಕಿ ಏರಿವೆ, ಆದರೆ ಕೈತಪ್ಪಿದವರು 5 ಇದ್ದದ್ದು 15 ಆದರು. ಆ ಹತ್ತು ಜನ "ಏನೂ ಇಲ್ಲ" ಅಂತ ಕೇಳಿ ಮನೆಗೆ ಹೋಗಿ ಮಕ್ಕಳ ಪಕ್ಕದಲ್ಲೇ ಮಲಗುತ್ತಾರೆ. ನಾನಾದರೆ ಮಿತಿ ಏರಿಸಲ್ಲ, ರೋಗ ಹೆಚ್ಚಿರುವ ಕಡೆ ಮೊದಲು ಹೋಗ್ತೀನಿ. ಕಲ್ಲು ಕ್ರಷರ್ ಕೆಲಸಗಾರರು 1,000 ಜನರಲ್ಲಿ 20 ಮಂದಿಗೆ ಟಿಬಿ ಇದೆ ಅಂದುಕೊಳ್ಳಿ. ಇದೇ ಮಾಡೆಲ್ 18 ಜನರನ್ನು ಹಿಡಿಯುತ್ತೆ, ತಪ್ಪು ಶಂಕೆ 49. ರೀಕಾಲ್ 90 ಹಾಗೇ ಉಳಿದು ಪ್ರಿಸಿಷನ್ 27ಕ್ಕೆ ಬರುತ್ತೆ.

ಗೌರಿಬಿದನೂರು ಲ್ಯಾಬ್: ಅಲ್ಲಿ ತಪ್ಪು ಶಂಕೆ ನೂರಕ್ಕೆ 5ರಲ್ಲೇ ನಿಲ್ಲಲ್ಲ. ಕಲ್ಲುಧೂಳು ಕುಡಿದ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಗಂಟುಗಳು ಮೇಲ್ಭಾಗದಲ್ಲೇ ಕಾಣುತ್ತವೆ, ಟಿಬಿಯ ನೆರಳೂ ಹೆಚ್ಚಾಗಿ ಅಲ್ಲೇ. ಹಿಂದೆ ಟಿಬಿ ಬಂದು ವಾಸಿಯಾದವರ ಕಲೆಯೂ ಹಾಗೇ.

ಬಂಗಾರಪೇಟೆ: ಒಪ್ಪಿದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕ್ರಷರ್‌ನವರ ತಪ್ಪು ದರವನ್ನು ಬೇರೆಯಾಗಿಯೇ ಅಳೆಯಬೇಕು. ವಿದ್ಯಾರ್ಥಿನಿಯವರೇ, ಆ 9,950 ಜನರಿಗೆ ಟಿಬಿ ಇಲ್ಲ ಅಂತ ಗೊತ್ತಾದದ್ದು ಹೇಗೆ? ಎಲ್ಲರ ಕಫ ನೋಡಿದ್ದರಾ?

ತುಮಕೂರು ವಿದ್ಯಾರ್ಥಿನಿ: ಇಲ್ಲ ಸರ್. ಡಾಕ್ಟರು ಎಕ್ಸ್‌ರೇ ನೋಡಿ ಶಂಕೆ ಅಂದವರಿಗೆ ಮಾತ್ರ ಕಫ ಪರೀಕ್ಷೆ ಆಗಿದೆ.

ಬಂಗಾರಪೇಟೆ: ಹಾಗಾದರೆ ಡಾಕ್ಟರ ಕಣ್ಣಿಗೆ ಬೀಳದ ರೋಗಿಗಳು ನಿಮ್ಮ ಡೇಟಾದಲ್ಲಿ "ಆರೋಗ್ಯವಂತರು" ಆಗಿದ್ದಾರೆ. 50 ಅನ್ನೋದು 60 ಇರಬಹುದು, ರೀಕಾಲ್ 90 ಇರಲಿಕ್ಕಿಲ್ಲ.

ಶಿರಾ ಸೀಮೆ: ಶಂಕೆ ಇಲ್ಲದವರಲ್ಲಿ ಒಂದು 300 ಜನರನ್ನ ಚೀಟಿ ಎತ್ತಿ ಪರೀಕ್ಷೆ ಮಾಡಿದ್ರೆ ತಿಳಿಯಲ್ವಾ?

ಗೌರಿಬಿದನೂರು ಲ್ಯಾಬ್: ಒಂಬತ್ತೂವರೆ ಸಾವಿರದಲ್ಲಿ ಐದೋ ಹದಿನೈದೋ ಜನ ಅಡಗಿದ್ದರೆ ಆ 300ರಲ್ಲಿ ಒಬ್ಬರೂ ಸಿಗದಿರುವ ಸಾಧ್ಯತೆಯೇ ಹೆಚ್ಚು. 3,000 ಬೇಕಾಗುತ್ತೆ, ಅಷ್ಟು ಕಾರ್ಟ್ರಿಡ್ಜ್ ಯಾರು ಕೊಡ್ತಾರೆ?