ಸಿಗ್ನಲ್ ಕಡ್ಡಿ ಫುಲ್, ಆದ್ರೂ ಕಾಲ್ ಕಟ್: ಕಾರಣ ಮನೆಯೊಳಗೇ ಇದೆಯಾ?

ಪ್ರಶ್ನೆ: ರಾತ್ರಿ ಎಂಟೂವರೆಗೆ ಆಫೀಸ್ ವಿಡಿಯೊ ಕಾಲ್ ಶುರುವಾದ್ರೆ ಸಾಕು, ವೈಫೈ ಕೈಕೊಡುತ್ತದೆ. ಕಡ್ಡಿಗಳೆಲ್ಲ ಫುಲ್. ರೂಟರ್ ಹೊಸದು, ಹಾಲ್‌ನಲ್ಲಿ ಅಡುಗೆಮನೆ ಗೋಡೆಗೆ ಅಂಟಿಕೊಂಡಿದೆ. ನೆಟ್ ಕಂಪನಿಯವರು ಲೈನ್ ಸರಿ ಇದೆ ಅಂತಾರೆ. ಯಾರಿಗಾದ್ರೂ ಹೀಗಾಗಿದೆಯಾ?

ಹಾಸನದಿಂದ: ಅದು ಮೈಕ್ರೋವೇವ್ ಕಣ್ರೀ, ಅನುಮಾನವೇ ಬೇಡ. ನಮ್ಮನೆಯಲ್ಲೂ ಊಟ ಬಿಸಿ ಮಾಡೋ ಹೊತ್ತಿಗೇ ಆಗ್ತಿತ್ತು. ರೂಟರ್ ಸೆಟಿಂಗ್‌ಗೆ ಹೋಗಿ ಚಾನೆಲ್ 1 ಇಡಿ, ಮುಗೀತು.

ನೆಟ್‌ವರ್ಕ್ ಕೆಲಸದವನು: ಚಾನೆಲ್ 1 ಸಲಹೆ ಸುಳ್ಳಲ್ಲ. ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಚಾನೆಲ್ 1 ಇರೋದು 2.412ರಲ್ಲಿ, ಹಾಗಾಗಿ ಹೆಚ್ಚಿನ ಓವನ್‌ಗಳ ಕಾಟ ಅಲ್ಲಿ ಸ್ವಲ್ಪ ಕಡಿಮೆ. ಆದರೆ ಕಾರಣ ಗೊತ್ತಾಗದೆ ಚಾನೆಲ್ ಬದಲಿಸಬೇಡಿ. ಕಡ್ಡಿ ತೋರಿಸೋದು ರೂಟರ್ ಎಷ್ಟು ಜೋರಾಗಿ ಕೇಳಿಸ್ತಿದೆ ಅಂತ ಮಾತ್ರ, ಸುತ್ತ ಎಷ್ಟು ಗದ್ದಲ ಇದೆ ಅಂತ ಅಲ್ಲ. ಮೊಬೈಲ್‌ನ ವೈಫೈ ಅನಲೈಸರ್ ಆ್ಯಪ್‌ಗಳಿಗೂ ವೈಫೈ ಮಾತ್ರ ಕಾಣುತ್ತದೆ. ಓವನ್, ಕಾರ್ಡ್‌ಲೆಸ್ ಫೋನು, ಬೇಬಿ ಮಾನಿಟರು ಅದರಲ್ಲಿ ಬರೋದೇ ಇಲ್ಲ.

ಕಾಲ್ ಮಾಡೋ ಜಾಗದಲ್ಲೇ ವಿಂಡೋಸ್ ಲ್ಯಾಪ್‌ಟಾಪ್ ಇಟ್ಟು, ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ಗೇ ಪಿಂಗ್ ಕೊಡಿ, ಉತ್ತರ ಬರೋಕೆ ಎಷ್ಟು ಹೊತ್ತಾಗುತ್ತೆ ಅಂತ ತೋರಿಸುತ್ತದೆ:

```
ping -t 192.168.1.1
```

ವಿಳಾಸ ಬೇರೆ ಇದ್ರೆ ರೂಟರ್ ಕೆಳಗಿನ ಸ್ಟಿಕರ್‌ನಲ್ಲಿರುತ್ತದೆ. ಇದು ಮನೆ ದಾಟಿ ಹೊರಗೆ ಹೋಗೋದಿಲ್ಲ, ಆದ್ದರಿಂದ ಇಲ್ಲಿ ಎಡವಿದ್ರೆ ಕಂಪನಿ ಲೈನಿಗೆ ಸಂಬಂಧ ಇಲ್ಲ. ಮೊದಲು ಎಲ್ಲಾ ಆಫ್ ಮಾಡಿ ನೋಡಿ. ಆಮೇಲೆ ಓವನ್‌ನಲ್ಲಿ ಒಂದು ಲೋಟ ನೀರಿಟ್ಟು ಎರಡು ನಿಮಿಷ ಓಡಿಸಿ, ಖಾಲಿ ಓಡಿಸಬೇಡಿ. ಆಮೇಲೆ ಬೇರೆ ಸಾಧನಗಳನ್ನ ಒಂದೊಂದಾಗಿ ಆನ್ ಮಾಡಿ.

ಮೈಸೂರಿಂದ: ಅಂದ್ರೆ ಓವನ್ ಲೀಕ್ ಆಗ್ತಿದೆ ಅಂತ ಅಲ್ವಾ? ಮನೇಲಿ ಮಗು ಇದ್ರೆ ಮೊದಲು ಅದನ್ನ ಎಸೀರಿ.

ನೆಟ್‌ವರ್ಕ್ ಕೆಲಸದವನು: ಬಾಗಿಲು ಸರಿಯಾಗಿ ಮುಚ್ಚಿಕೊಳ್ತಿದ್ರೆ ಎಸೆಯೋದು ಬೇಡ. ಸಾವಿರ ವ್ಯಾಟ್ ಓವನ್‌ನಿಂದ ಹತ್ತು ಸಾವಿರದಲ್ಲಿ ಒಂದು ಪಾಲು ಹೊರಬಂದ್ರೂ ಅದು 0.1 ವ್ಯಾಟ್. ರೂಟರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬಿಡುತ್ತದೆ. ನಮಗೆ ಅದು ಏನೂ ಅಲ್ಲ, ವೈಫೈಗೆ ಮಾತ್ರ ಪಕ್ಕದಲ್ಲೇ ಇನ್ನೊಬ್ಬ ಕೂಗಿದ ಹಾಗೆ.

ಪ್ರಶ್ನೆ ಕೇಳಿದವರು: ಮಾಡಿ ನೋಡಿದೆ. ಎಲ್ಲ ಆಫ್ ಇದ್ದಾಗ 2-3 ms. ಓವನ್ ಆನ್ ಆದ್ರೆ ನೂರು ಇನ್ನೂರಕ್ಕೆ ಏರುತ್ತೆ, ಮಧ್ಯೆ ಮಧ್ಯೆ ಸರಿಹೋಗುತ್ತೆ. ಆದರೆ ಮಗು ಮಲಗಿಸಿ ಮಾನಿಟರ್ ಹಾಕಿದ ಮೇಲೆ `Request timed out` ಬರ್ತಾನೇ ಇದೆ, ಓವನ್ ಆಫ್ ಇದ್ರೂ. ಚಾನೆಲ್ 1, 6, 11 ಮೂರಲ್ಲೂ ಅದೇ ಕಥೆ.

ನೆಟ್‌ವರ್ಕ್ ಕೆಲಸದವನು: ಹಾಗಾದ್ರೆ ದೊಡ್ಡ ಕಳ್ಳ ಮಾನಿಟರೇ. ಸಾಮಾನ್ಯ ಓವನ್ ಒಂದೇ ಸಮನೆ ಕೂಗೋದಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿಗೆ ಸುಮಾರು 10 ಮಿಲಿಸೆಕೆಂಡ್ ಆನ್, 10 ಮಿಲಿಸೆಕೆಂಡ್ ಆಫ್. ಆ ಬಿಡುವಿನಲ್ಲಿ ವೈಫೈ ತನ್ನ ಕೆಲಸ ಮಾಡಿಕೊಳ್ಳುತ್ತದೆ. ವೆಬ್‌ಸೈಟ್ ತೆರೆಯುತ್ತದೆ, ವಿಡಿಯೊ ಕಾಲ್ ಮಾತ್ರ ತಡವರಿಸುತ್ತದೆ. ಇನ್ವರ್ಟರ್ ಓವನ್‌ಗಳಲ್ಲಿ ಈ ಬಿಡುವು ಇಷ್ಟು ಲೆಕ್ಕವಾಗಿ ಸಿಗೋದಿಲ್ಲ.

ವಿಡಿಯೊ ಮಾನಿಟರ್ ಆನ್ ಇರೋವಷ್ಟು ಹೊತ್ತೂ ಕಳಿಸ್ತಾನೇ ಇರುತ್ತದೆ. ಡಬ್ಬದ ಮೇಲೆ `2.4GHz FHSS` ಅಂತ ಇದೆಯಾ ನೋಡಿ. ಇದ್ದರೆ ಅದು ಇಡೀ ಬ್ಯಾಂಡಿನಲ್ಲಿ ಜಾಗದಿಂದ ಜಾಗಕ್ಕೆ ಹಾರುವಂಥದ್ದು, ನೀವು ಯಾವ ಚಾನೆಲ್‌ಗೆ ಹೋದ್ರೂ ಅಲ್ಲಿಗೂ ಬರುತ್ತದೆ. ಹಳೇ ಅನಲಾಗ್ ಮಾದರಿ ಆಗಿದ್ರೆ ಒಂದೇ ಕಡೆ ನಿಂತಿರುತ್ತಿತ್ತು, ಚಾನೆಲ್ ಬದಲಿಸಿದ್ದಕ್ಕೆ ಉಪಯೋಗ ಕಾಣ್ತಿತ್ತು.

ಆಫೀಸ್ ಲ್ಯಾಪ್‌ಟಾಪನ್ನ 5 ಗಿಗಾಹರ್ಟ್ಸ್‌ಗೆ ಹಾಕಿ, ಆ 5ರ ವೈಫೈಗೆ ಬೇರೆ ಹೆಸರು ಕೊಡಿ, ಇಲ್ಲದಿದ್ರೆ ತಾನೇ 2.4ಕ್ಕೆ ಜಾರಿಕೊಳ್ಳಬಹುದು. ಎರಡು ಗೋಡೆ ಆಚೆ 5 ಸೋಲುತ್ತದೆ, ಅಂಥ ಕಡೆ ಕೇಬಲ್ಲೇ ಎಳೀರಿ. ರೂಟರನ್ನೂ ಅಡುಗೆಮನೆ ಗೋಡೆಯಿಂದ ದೂರ ಸರಿಸಿ.

ನ್ಯೂಜೆರ್ಸಿಯಿಂದ: ನಮ್ಮಲ್ಲಿ ಕಾಟ ಕೊಟ್ಟಿದ್ದು 2.4ರ ಹಳೇ ಕಾರ್ಡ್‌ಲೆಸ್ ಫೋನು. 5.8 ಗಿಗಾಹರ್ಟ್ಸ್ ಫೋನ್ ತಗೊಂಡ್ರೆ 149ರಿಂದ ಮೇಲಿನ ವೈಫೈ ಚಾನೆಲ್‌ಗೆ ತೊಂದರೆ ಆಗಬಹುದು ಅಂತ `DECT 6.0` ತಗೊಂಡ್ವಿ. ಅದು 1.9ರಲ್ಲಿರೋದು, ವೈಫೈ ತಂಟೆಗೆ ಬರಲ್ಲ. ಊರಿಗೆ ಹೋಗುವಾಗ ಅಪ್ಪನಿಗೂ ಒಂದು ತರಬೇಕು ಅಂತಿದ್ದೇನೆ.

ನೆಟ್‌ವರ್ಕ್ ಕೆಲಸದವನು: ದಯವಿಟ್ಟು ತರಬೇಡಿ. ಅಮೆರಿಕದ ಆ ಫೋನು ಬಳಸೋದು 1920ರಿಂದ 1930 ಮೆಗಾಹರ್ಟ್ಸ್. ಇಲ್ಲಿ ಮೊಬೈಲ್‌ನಿಂದ ಟವರ್‌ಗೆ ಹೋಗೋ ಸಿಗ್ನಲ್‌ಗೆ 1920ರಿಂದ 1980ರವರೆಗೆ ಮೀಸಲಿದೆ. ಅಕ್ಕಪಕ್ಕದವರ ಮೊಬೈಲ್‌ಗೆ ತೊಂದರೆ ಆಗುತ್ತದೆ.

ಹಾಸನದಿಂದ: ಮಾನಿಟರ್ ಬದಲು ವೈಫೈ ಕ್ಯಾಮೆರಾ ಹಾಕಿದ್ರೆ? ಬೇರೆ ವೈಫೈ ಸಾಧನಗಳ ಹಾಗೆ ಅದು ಸರದಿ ಕಾಯುತ್ತಲ್ವಾ?

ನೆಟ್‌ವರ್ಕ್ ಕೆಲಸದವನು: ಕಾಯುತ್ತದೆ, ನಿಜ. ಆದರೆ ರೂಟರ್ ಆಫ್ ಆದ್ರೆ ಮಗು ಅಳೋದೂ ಕೇಳಿಸಲ್ಲ. ನಾನಾದ್ರೆ ಬರೀ ಧ್ವನಿಗೆ ಇಲ್ಲಿನ `DECT` ಮಾನಿಟರ್ ಇಡ್ತೀನಿ.

ಪ್ರಶ್ನೆ ಕೇಳಿದವರು: ಮನೆಯವರಿಗೆ ಮಗು ಕಾಣಲೇಬೇಕು, ಹಾಗಾಗಿ ಮಾನಿಟರ್ ಇರುತ್ತದೆ. ಲ್ಯಾಪ್‌ಟಾಪ್ 5ಕ್ಕೆ ಹಾಕಿದ ಮೇಲೆ ಕಾಲ್ ಸರಿಯಾಗಿದೆ. ಪ್ರಿಂಟರ್‌ಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ, ಅದು ರಾತ್ರಿ ಈಗಲೂ ಆಫ್‌ಲೈನ್ ತೋರಿಸುತ್ತದೆ. ಯುಎಸ್‌ಬಿ ಕೇಬಲ್ ಬಿಟ್ಟು ಬೇರೆ ದಾರಿ ಕಂಡವರು ಇದ್ದೀರಾ?