ಪದಚರ್ಚೆ: ಓ ಗುಂಪಿಗೆ ‘ದುರ್ಬಲ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕಾಲೇಜು ಮಕ್ಕಳಿಗಾಗಿ ರಕ್ತದ ಗುಂಪಿನ ಬಗ್ಗೆ ಕರಪತ್ರ ಬರೆಯುತ್ತಿದ್ದೇನೆ. ಡಾಮಿನೆಂಟ್, ರಿಸೆಸಿವ್ ಪದಗಳಿಗೆ ‘ಎ, ಬಿ ಪ್ರಬಲ, ಓ ದುರ್ಬಲ’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗಿಯೊಬ್ಬಳು, “ನಂದು ಓ. ಹಾಗಾದ್ರೆ ನನ್ನ ರಕ್ತಕ್ಕೆ ಶಕ್ತಿ ಕಡಿಮೆನಾ?” ಅಂದಳು. ಅವಳ ಅಪ್ಪ ಎ, ಅಮ್ಮ ಬಿ. ಮಗಳು ಹೇಗೆ ಓ ಆದಳು ಎಂದು ನೆಂಟರು ಆಡಿಕೊಂಡದ್ದೂ ಇದೆಯಂತೆ. ನನಗೆ ತುಂಬಾ ಬೇಜಾರಾಯಿತು. ಬೇರೆ ಪದ ಹೇಳಿ.

———

ನನಗೂ ಹೀಗೇ ಆಗಿತ್ತು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ತಗೊಂಡ ಮೇಲೆ ಸರಿಹೋಯಿತು. ಇದಕ್ಕೆ ‘ರಕ್ತಹೀನತೆ’ ಅನ್ನೋ ಪದ ಇದೆಯಲ್ಲ?

———

ಪ್ರಶ್ನೆ ಅದಲ್ಲ ಅನ್ಸುತ್ತೆ. ಓ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದನ್ನೇ ಪ್ರಬಲ ಅನ್ನಬೇಕು!

———

ನಾನು ರಕ್ತನಿಧಿಯ ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಎ ಜೀನ್ ಕೆಂಪು ಕಣದ ಮೇಲೆ ಒಂದು ಬಗೆಯ ಸಕ್ಕರೆ ಅಂಟಿಸುತ್ತದೆ, ಬಿ ಇನ್ನೊಂದು ಬಗೆಯದನ್ನು. ಓ ಏನನ್ನೂ ಅಂಟಿಸುವುದಿಲ್ಲ. ಆ ಹುಡುಗಿಯ ಅಪ್ಪನಲ್ಲಿ ಒಂದು ಎ, ಒಂದು ಓ ಇದ್ದು, ಅಮ್ಮನಲ್ಲಿ ಒಂದು ಬಿ, ಒಂದು ಓ ಇದ್ದರೆ ಇಬ್ಬರಿಂದಲೂ ಓ ಬರಬಹುದು. ಅಂಥ ದಂಪತಿಗೆ ಹುಟ್ಟುವ ಪ್ರತಿ ಮಗುವಿಗೂ ಓ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಪ್ಪ, ಅಮ್ಮನಲ್ಲಿ ಓ ಮರೆಯಲ್ಲಿತ್ತು, ಅಷ್ಟೇ. ನನ್ನ ಮಟ್ಟಿಗೆ ‘ಮರೆಯ ಗುಣ’ ಚೆನ್ನಾಗಿದೆ.

ಸರ್, ಓ ಯಾರಿಗೆ ಬೇಕಾದರೂ ಆಗುತ್ತದೆ ಅನ್ನುವುದು ಅರ್ಧ ಸರಿ. ಗುಂಪು ತಿಳಿಯುವಷ್ಟು ಹೊತ್ತಿಲ್ಲದ ತುರ್ತಿನಲ್ಲಿ ಓ ನೆಗೆಟಿವ್ ಕೆಂಪು ಕಣ ಕೊಡುತ್ತೇವೆ, ನಿಜ. ಆದರೆ ಬಾಂಬೆ ಗುಂಪಿನವರಿಗೆ ಅದೂ ಆಗದು. ಡಾ. ಭೇಂಡೆ ಮತ್ತು ಜೊತೆಗಾರರು 1952ರಲ್ಲಿ ಬಾಂಬೆಯಲ್ಲೇ ಗುರುತಿಸಿದ ಗುಂಪು ಅದು. ಎ, ಬಿ ಸಕ್ಕರೆ ಕೂರಬೇಕಾದ ಎಚ್ ಎಂಬ ಬುಡವೇ ಇವರ ಕಣಗಳಲ್ಲಿಲ್ಲ. ಎ, ಬಿ ಸಕ್ಕರೆ ಇರುವ ಕಣಗಳನ್ನು ಗಂಟುಗಟ್ಟಿಸುವ ಆಂಟಿ-ಎ, ಆಂಟಿ-ಬಿ ದ್ರಾವಣಗಳನ್ನು ಟೈಲ್ ಮೇಲೆ ಇವರ ರಕ್ತಕ್ಕೆ ಹನಿಸಿದರೆ ಎರಡೂ ಕಡೆ ನುಣ್ಣಗೇ ಉಳಿಯುತ್ತದೆ. ಓ ಎಂದೇ ಬರೆದುಬಿಡುತ್ತೇವೆ. ಇವರ ಸೀರಮ್‌ಗೆ ಓ ಕಣ ಬೆರೆಸಿ ನೋಡಿದಾಗ ಗುಟ್ಟು ರಟ್ಟಾಗುತ್ತದೆ. ಹಾಲು ಒಡೆದ ಹಾಗೆ ಕಣಗಳು ಗಂಟುಗಂಟಾಗುತ್ತವೆ. ಈ ಪರೀಕ್ಷೆಯನ್ನೂ, ಕೊಡುವವರ ಮತ್ತು ಪಡೆಯುವವರ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚನ್ನೂ ಬಿಟ್ಟು ಓ ರಕ್ತ ಏರಿಸಿದರೆ, ಬಂದ ಕಣಗಳು ಮೈಯೊಳಗೇ ಒಡೆಯುತ್ತವೆ. ಚಳಿಜ್ವರ, ಸೊಂಟನೋವು, ಕೆಂಪು ಮೂತ್ರ. ಜೀವವೇ ಹೋಗಬಹುದು.

———

ಮೇಡಂ, ‘ಮರೆಯ ಗುಣ’ ಹಾಕಿಕೊಳ್ಳುತ್ತೇನೆ. ಒಂದು ಅನುಮಾನ. ಬಾಂಬೆ ಗುಂಪಿನವರಲ್ಲಿ ಎ ಜೀನ್ ಇದ್ದರೂ ಬುಡವಿಲ್ಲದೆ ಅದು ಕಾಣಿಸಿಕೊಳ್ಳುವುದಿಲ್ಲ ಅಲ್ವಾ? ಆಗ ‘ಪ್ರಬಲ’ವಾದ ಎ ಕೂಡ ಮರೆಯದ್ದೇ ಆಯಿತಲ್ಲ?

———

ಹೌದು. ಅವರ ಮಗುವಿನಲ್ಲಿ ಅದೇ ಎ ಮತ್ತೆ ಕಾಣಿಸಿಕೊಳ್ಳಬಹುದು. ಅದಕ್ಕೆ ಬೇರೆಯೇ ಪದ ಬೇಕು. ನನಗೆ ಹೊಳೆಯುತ್ತಿಲ್ಲ.